ದನಿ ಮುಚ್ಚಿದ ಫೋನಿನಲ್ಲಿ ಒತ್ತಕ್ಷರ ಕಾಣಲಿ

2021ರ ನವೆಂಬರ್‌ನಲ್ಲಿ ಹೈಕೋರ್ಟ್ ಸೂಚನೆಯಂತೆ ಕೆಎಸ್‌ಆರ್‌ಟಿಸಿ ಒಂದು ನಿಯಮ ತಂದಿತು. ಬಸ್ಸಿನೊಳಗೆ ಯಾರೂ ಮೊಬೈಲಿನಲ್ಲಿ ಜೋರಾಗಿ ಹಾಡು, ವಿಡಿಯೊ ಹಾಕುವಂತಿಲ್ಲ. ಹೇಳಿದರೂ ಕೇಳದವರನ್ನು ಕಂಡಕ್ಟರ್ ಇಳಿಸಬಹುದು. ಕುಣಿಗಲ್‌ನಿಂದ ತುಮಕೂರಿಗೆ, ಗುಬ್ಬಿಯಿಂದ ತುಮಕೂರಿಗೆ ದಿನವೂ ಓಡಾಡುವವರಲ್ಲಿ ಎಲ್ಲರ ಕಿವಿಯಲ್ಲೂ ಇಯರ್‌ಫೋನ್ ಇರುವುದಿಲ್ಲ. ಇಲ್ಲದವರೂ ವಿಡಿಯೊ ನೋಡುತ್ತಾರೆ, ದನಿ ಮುಚ್ಚಿಕೊಂಡು ನೋಡುತ್ತಾರೆ. ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ, ಆಸ್ಪತ್ರೆಯ ಸರದಿಯಲ್ಲಿ, ರಾತ್ರಿ ಮಕ್ಕಳು ಮಲಗಿದ ಮೇಲೆ ಮನೆಯಲ್ಲಿ ನಡೆಯುವುದೂ ಇದೇ. ಕಿವಿ ಕೇಳದವರ ಪಾಲಿಗಂತೂ ಎಲ್ಲ ವಿಡಿಯೊವೂ ಯಾವತ್ತೂ ಹೀಗೇ.

ಇಂಥ ನೋಡುಗರಿಗೆಂದೇ ವಿಡಿಯೊದ ಮೇಲೆ ಮಾತನ್ನು ಅಕ್ಷರದಲ್ಲಿ ಕೂರಿಸುತ್ತೇವೆ. ಯೂಟ್ಯೂಬ್‌ನಲ್ಲಿ ಬೇಕೆಂದಾಗ ಹಾಕಿ ತೆಗೆಯುವ ಅಡಿಬರಹ ಬೇರೆ. ನಾನು ಇಲ್ಲಿ ಹೇಳುತ್ತಿರುವುದು ಚಿತ್ರದೊಳಗೇ ಅಚ್ಚಾಗಿ ಹೋಗುವ ಕ್ಯಾಪ್ಷನ್ ಬಗ್ಗೆ. ನಮ್ಮ ಕಡೆ ವಿಡಿಯೊ ಓಡಾಡುವುದು ಹೆಚ್ಚಾಗಿ ವಾಟ್ಸ್‌ಆ್ಯಪ್‌ನಲ್ಲಿ. ಒಬ್ಬರು ಕಳಿಸಿದ್ದನ್ನು ಇನ್ನೊಬ್ಬರು ಕಳಿಸುವಾಗ ಪ್ರತ್ಯೇಕ ಅಡಿಬರಹದ ಕಡತ ಜೊತೆಗೆ ಬರುವುದಿಲ್ಲ, ಅಚ್ಚಾದ ಅಕ್ಷರ ಮಾತ್ರ ಬರುತ್ತದೆ. ಅದರ ಅಕ್ಷರ ಎಷ್ಟು ದೊಡ್ಡದಿರಬೇಕು, ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ಕೂರಬೇಕು ಎಂಬ ಲೆಕ್ಕಗಳು ಬಹುತೇಕ ಇಂಗ್ಲಿಷ್ ಅಕ್ಷರಕ್ಕೆ ಹೊಲಿದವು. ಅವನ್ನೇ ಕನ್ನಡಕ್ಕೆ ತೊಡಿಸಿದರೆ ಮೊದಲು ಹಾಳಾಗುವುದು ನಮ್ಮ ಒತ್ತಕ್ಷರ. ಕನ್ನಡದ ಕ್ಯಾಪ್ಷನ್ ಅನ್ನು ಒತ್ತಿನಿಂದಲೇ ಅಳೆಯಬೇಕು ಎಂಬುದು ಈ ಬರಹದ ವಾದ.

ಮಾತು ಗಾಳಿಯಲ್ಲಿ ಉಳಿಯಬಾರದೆಂದು ಒಂದು ಉದಾಹರಣೆ ಹಿಡಿಯೋಣ. ಗುಬ್ಬಿ ತಾಲ್ಲೂಕಿನ ಚೇಳೂರಿನ ‘ಸಿದ್ದು’ ಹಲಸು ಈಗ ನಾಡಿಗೇ ಗೊತ್ತು. ತಾಮ್ರಗೆಂಪು ತೊಳೆಯ ಆ ತಳಿಯನ್ನು ಗುರುತಿಸಿ, ಸಸಿ ಮಾಡಿ ಮಾರಲು 2017ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮರದ ಒಡೆಯರೊಂದಿಗೆ ಒಪ್ಪಂದ ಮಾಡಿಕೊಂಡಿತು. ತುಮಕೂರು ಪಕ್ಕದ ಹಿರೇಹಳ್ಳಿಯಲ್ಲಿ ಆ ಸಂಸ್ಥೆಯ ಪ್ರಯೋಗ ಕೇಂದ್ರವಿದೆ. ಹಲಸಿನ ಬೀಜ ಬಿತ್ತಿದರೆ ತಾಯಿಮರದ ಗುಣವೇ ಬರುತ್ತದೆಂಬ ಖಾತ್ರಿಯಿಲ್ಲ, ಹಾಗಾಗಿ ಕಸಿ ಕಟ್ಟಲೇಬೇಕು. ಕಸಿ ಕಟ್ಟುವುದನ್ನು ತೋರಿಸುವ, ಒಂದು ನಿಮಿಷ ಮೀರದ, ಉದ್ದುದ್ದ ಹಿಡಿದು ತೆಗೆದ ವಿಡಿಯೊ ನಮ್ಮ ಮುಂದಿದೆ ಎಂದುಕೊಳ್ಳಿ. ನರ್ಸರಿಯವರು ಮಾತಾಡುತ್ತಾ ಕೈಯಿಂದ ಮಾಡಿ ತೋರಿಸುತ್ತಿದ್ದಾರೆ. ನೋಡುವವರು ಬಸ್ಸಿನಲ್ಲಿದ್ದಾರೆ, ದನಿಯಿಲ್ಲ.

ಮೊದಲ ಪ್ರಶ್ನೆ ಅಕ್ಷರದ ಗಾತ್ರದ್ದು. ಎಡಿಟಿಂಗ್ ಆ್ಯಪ್ 60, 80, 100 ಎಂದು ಒಂದು ಅಂಕಿ ತೋರಿಸುತ್ತದೆ. ಆ ಅಂಕಿಯನ್ನು ನಂಬಬೇಡಿ. ಒಂದು ಆ್ಯಪಿನ 80 ಇನ್ನೊಂದರಲ್ಲಿ ಬೇರೆ ಗಾತ್ರಕ್ಕೆ ಬರುತ್ತದೆ, ಒಂದು ಫಾಂಟಿನ 80 ಇನ್ನೊಂದು ಫಾಂಟಿನಲ್ಲಿ ಬೇರೆ. ಕನ್ನಡದ ಫಾಂಟುಗಳು ಮೇಲಿನ ಗುಡಿಸಿಗೂ ಕೆಳಗಿನ ಒತ್ತಿಗೂ ಜಾಗ ಕಾದಿರಿಸಿಕೊಂಡಿರುತ್ತವೆ. ಕೆಲವು ಸಾಫ್ಟ್‌ವೇರ್‌ಗಳು ಆ ಜಾಗವನ್ನೂ ಸೇರಿಸಿ ಗಾತ್ರ ಎಣಿಸುವುದರಿಂದ ಅದೇ ಅಂಕಿಗೆ ಇಂಗ್ಲಿಷ್ ದೊಡ್ಡದಾಗಿಯೂ ಕನ್ನಡ ಚಿಕ್ಕದಾಗಿಯೂ ಬರುತ್ತದೆ.

ಸರಿಯಾದ ದಾರಿ ಸ್ಕೇಲಿನದು. ವಿಡಿಯೊವನ್ನು ಫೋನಿನಲ್ಲಿ ಪೂರ್ತಿ ಪರದೆಗೆ ತೆರೆದು ನಿಲ್ಲಿಸಿ, ಶಾಲೆಯ ಸ್ಕೇಲಿಟ್ಟು ‘ಕ’, ‘ದ’ದಂಥ ಒತ್ತಿಲ್ಲದ ಮೂಲಾಕ್ಷರವೊಂದರ ಎತ್ತರ ಅಳೆಯಿರಿ. ಅದು 3 ಮಿಲಿಮೀಟರ್ ಇರಬೇಕು. ಪತ್ರಿಕೆಯ ಸಾಮಾನ್ಯ ಅಕ್ಷರ ಇದಕ್ಕಿಂತ ಚಿಕ್ಕದಾದರೂ ಓದಬಹುದು, ಏಕೆಂದರೆ ಪತ್ರಿಕೆ ಅಲುಗುವುದಿಲ್ಲ, ಅಕ್ಷರದ ಹಿಂದೆ ಬಿಳಿ ಕಾಗದ ಬಿಟ್ಟು ಬೇರೇನೂ ಇರುವುದಿಲ್ಲ. ಕ್ಯಾಪ್ಷನ್ನಿನ ಹಿಂದೆ ಎಲೆ, ಕೈ, ಬಿಸಿಲು ಎಲ್ಲವೂ ಆಡುತ್ತಿರುತ್ತವೆ. ಮೂಲಾಕ್ಷರ 3 ಮಿ.ಮೀ. ಆದರೆ ಅದರ ಕೆಳಗಿನ ಒತ್ತು ಸುಮಾರು ಅದರ ಅರ್ಧ, ಅಂದರೆ ಒಂದೂವರೆ ಮಿಲಿಮೀಟರ್. ಇದಕ್ಕಿಂತ ಕೆಳಗೆ ಹೋದರೆ ‘ಹತ್ತು’ವಿನಲ್ಲಿ ಒತ್ತು ಇದೆಯೋ ಇಲ್ಲವೋ ಎಂದು ಕಣ್ಣು ಊಹಿಸಬೇಕಾಗುತ್ತದೆ. ಆರೂವರೆ ಇಂಚಿನ ಸಾಧಾರಣ ಫೋನಿನ ಅಗಲ ಸುಮಾರು 6.8 ಸೆಂ.ಮೀ. 1080 ಪಿಕ್ಸೆಲ್ ಅಗಲದ ವಿಡಿಯೊ ಅದರಲ್ಲಿ ತುಂಬಿದಾಗ 3 ಮಿ.ಮೀ. ಎಂದರೆ ಹತ್ತಿರಹತ್ತಿರ 48 ಪಿಕ್ಸೆಲ್. ಎಡಿಟಿಂಗ್ ಪರದೆಯ ಮೇಲೆ ಅಳೆಯುವವರು ಈ ಅಂಕಿಯನ್ನು ನೆನಪಿಡಬಹುದು.

ಈ ಗಾತ್ರಕ್ಕೆ, ಎಡಬಲದ ಅಂಚು ಬಿಟ್ಟು, ಒಂದು ಸಾಲಿಗೆ 13–14 ಅಕ್ಷರ ಹಿಡಿಯುತ್ತವೆ. ಅಂದರೆ ಮೂರು ನಾಲ್ಕು ಪದ. ಎರಡು ಸಾಲಿಗಿಂತ ಹೆಚ್ಚು ಬೇಡ. ಹೆಚ್ಚು ಮಾತು ತುರುಕಬೇಕೆನಿಸಿದಾಗ ಅಕ್ಷರ ಚಿಕ್ಕದು ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಆಗ ಕಡಿಮೆ ಮಾಡಬೇಕಾದದ್ದು ಮಾತನ್ನು, ಅಕ್ಷರದ ಗಾತ್ರವನ್ನಲ್ಲ.

ಎರಡು ಸಾಲಿನ ನಡುವಿನ ಜಾಗದಲ್ಲೂ ಇದೇ ಎಚ್ಚರ ಬೇಕು. ಮೇಲಿನ ಸಾಲಿನಲ್ಲಿ ‘ಕಡ್ಡಿ’ ಇದೆ, ಅದರ ನೇರ ಕೆಳಗೆ ‘ಕಿತ್ತಿ’ ಇದೆ ಎನ್ನಿ. ಮೇಲಿನ ಡ-ಒತ್ತು ಕೆಳಗಿಳಿಯುತ್ತದೆ, ಕೆಳಗಿನ ‘ತ್ತಿ’ಯ ಗುಡಿಸು ಮೇಲೇರುತ್ತದೆ, ಎರಡೂ ಢಿಕ್ಕಿ ಹೊಡೆಯುತ್ತವೆ. ಇಂಗ್ಲಿಷ್ ಸಾಲಿಗೆ ಸಾಕಾಗುವ ಅಂತರ ಇಲ್ಲಿ ಸಾಲದು. ಅಂತರವನ್ನು ಅಕ್ಷರ ಗಾತ್ರದ ಒಂದೂವರೆ ಪಟ್ಟಿನಿಂದ ಶುರುಮಾಡಿ, ಮೇಲೆ ‘ತ್ತು’, ಕೆಳಗೆ ‘ಕಿ’ ಬರುವಂಥ ಎರಡು ಸಾಲು ಬರೆದು ಒಮ್ಮೆ ನೋಡಿ. ನಡುವೆ ಕೂದಲೆಳೆಯಷ್ಟಾದರೂ ಹಿನ್ನೆಲೆ ಕಾಣಬೇಕು.

ಇನ್ನು ಫಾಂಟ್. ಕನ್ನಡದಲ್ಲಿ ಅರ್ಥವನ್ನು ಹೊತ್ತಿರುವುದು ಹಲವು ಸಲ ಅಕ್ಷರದ ಅತಿ ಚಿಕ್ಕ ಗೀಟು. ‘ದನ’ಕ್ಕೂ ‘ಧನ’ಕ್ಕೂ ನಡುವೆ ಇರುವುದು ದಕಾರದ ಕೆಳಗಿನ ಒಂದು ಸೀಳು. ‘ಕೊಡು’ ‘ಕೋಡು’ ಆಗುವುದು ಪಕ್ಕದ ದೀರ್ಘದಿಂದ. ಮದುವೆ ಕಾರ್ಡಿನ ತಲೆಬರಹಕ್ಕೆ ಹೊಂದುವ ದಪ್ಪ, ದುಂಡು ಫಾಂಟುಗಳಲ್ಲಿ ಆ ಸೀಳು ಮುಚ್ಚಿಹೋಗುತ್ತದೆ. ತೀರ ತೆಳುವಾದವುಗಳಲ್ಲಿ ಗೀಟೇ ಮಾಯವಾಗುತ್ತದೆ. ಕ್ಯಾಪ್ಷನ್ನಿಗೆ ಬೇಕಾದದ್ದು ಗೀಟಿನ ದಪ್ಪ ಒಂದೇ ಸಮನಿರುವ, ಒಳಗಿನ ಬಯಲು ತೆರೆದಿರುವ ಸಾದಾ ಫಾಂಟ್. ನೋಟೊ ಸಾನ್ಸ್ ಕನ್ನಡ ಮತ್ತು ಅನೇಕ್ ಕನ್ನಡ ಎರಡೂ ಈ ಕೆಲಸಕ್ಕೆ ಒದಗುತ್ತವೆ, ಎರಡೂ ಪುಕ್ಕಟೆ ಸಿಗುತ್ತವೆ. ಅನೇಕ್‌ನಲ್ಲಿ ಅಕ್ಷರದ ಅಗಲವನ್ನೂ ಆರಿಸಿಕೊಳ್ಳಬಹುದಾದ್ದರಿಂದ ಉದ್ದ ಪದ ಸಾಲಿಗೆ ಹಿಡಿಯದಿದ್ದಾಗ ಸ್ವಲ್ಪ ಕಿರಿದಾದ ರೂಪ ಬಳಸಲು ಬರುತ್ತದೆ. ದಪ್ಪದಲ್ಲಿ ಮೀಡಿಯಂ ಅಥವಾ ಸೆಮಿಬೋಲ್ಡ್ ಸಾಕು, ಅದರಾಚೆಯ ಎಕ್ಸ್‌ಟ್ರಾ ಬೋಲ್ಡ್ ಕಡೆಗೆ ಹೋಗಬೇಡಿ.

ಫಾಂಟ್ ಚೆನ್ನಾಗಿದ್ದರೂ ಕೆಲವು ಸಾಫ್ಟ್‌ವೇರ್‌ಗಳಿಗೆ ಕನ್ನಡದ ಅಕ್ಷರ ಕೂಡಿಸಲು ಬರುವುದಿಲ್ಲ. ಒತ್ತು ಕೆಳಗಿಳಿಯದೆ ‘ಹತ್‌ತು’ ಎಂದು ಪಕ್ಕಪಕ್ಕ ನಿಲ್ಲುತ್ತದೆ. ಅಡೋಬಿಯ ಪ್ರೀಮಿಯರ್‌ನಲ್ಲಿ ಹೀಗಾದರೆ ಗ್ರಾಫಿಕ್ಸ್ ಪ್ರಾಶಸ್ತ್ಯಗಳಲ್ಲಿರುವ ಟೆಕ್ಸ್ಟ್ ಎಂಜಿನ್ ಅನ್ನು `South Asian and Middle Eastern` ಎಂಬುದಕ್ಕೆ ಬದಲಿಸಬೇಕು. ಅಂಥ ಆಯ್ಕೆ ಇಲ್ಲದ ಆ್ಯಪ್ ಆದರೆ ಆ್ಯಪನ್ನೇ ಬದಲಿಸುವುದು ಒಳ್ಳೆಯದು. ಯಾವ ಹೊಸ ಆ್ಯಪ್ ಕೈಗೆತ್ತಿಕೊಂಡರೂ ಮೊದಲು ಮೂರು ಪದ ಬರೆದು ನೋಡಿ: ಸ್ವಾತಂತ್ರ್ಯ, ಧೈರ್ಯ, ಬಸ್‌ಗೆ. ಮೊದಲನೆಯದರಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತು ಬರುತ್ತವೆ. ಎರಡನೆಯದರಲ್ಲಿ ಧಕಾರದ ಸೀಳು, ಐತ್ವ, ಅರ್ಕಾವೊತ್ತು ಮೂರೂ ಇವೆ. ಮೂರನೆಯದರಲ್ಲಿ ‘ಸ್’ ಬೇರೆಯಾಗಿ ನಿಲ್ಲಬೇಕು, ಗಕಾರ ಅದರ ಒತ್ತಾಗಿ ಕೆಳಗೆ ಜಾರಬಾರದು. ಮೂರೂ ಸರಿಯಾಗಿ ಬಂದರೆ ಉಳಿದದ್ದು ಬಹುಪಾಲು ಸರಿಯಾಗಿಯೇ ಬರುತ್ತದೆ. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತದೆ. ಅದನ್ನು ಯೂನಿಕೋಡ್‌ಗೆ ಬದಲಿಸಿಕೊಂಡು, ಒಂದು ಸಲ ಪೂರ್ತಿ ಓದಿ, ಆಮೇಲೆ ಹಾಕಬೇಕು.

ಬಣ್ಣದ ವಿಷಯ ಚಿಕ್ಕದು, ಆದರೆ ಅದರ ಹಿಂದೊಂದು ಕಾರಣವಿದೆ. ಫೋನಿನ ವಿಡಿಯೊದಲ್ಲಿ ಬೆಳಕು–ನೆರಳಿನ ವಿವರ ಪೂರ್ತಿ ಉಳಿಯುತ್ತದೆ, ಬಣ್ಣದ ವಿವರವನ್ನು ಮಾತ್ರ ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕಿಳಿಸಿ ಇಟ್ಟಿರುತ್ತಾರೆ. ಆದ್ದರಿಂದ ಹಸಿರಿನ ಮೇಲೆ ಕೆಂಪು, ನೀಲಿಯ ಮೇಲೆ ಕೆಂಪು ಅಕ್ಷರ ಬರೆದರೆ ಅಂಚು ಕಲಸಿಹೋಗುತ್ತದೆ. ವಾಟ್ಸ್‌ಆ್ಯಪ್ ಅದನ್ನು ಮತ್ತೆ ಹಿಂಡಿದ ಮೇಲೆ ಒತ್ತಿನ ಗೀಟು ಇನ್ನಷ್ಟು ಮಸುಕಾಗುತ್ತದೆ. ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರ ಎಲ್ಲ ಸಂದರ್ಭಕ್ಕೂ ನಡೆಯುತ್ತದೆ. ಒಬ್ಬರಿಗಿಂತ ಹೆಚ್ಚು ಜನ ಮಾತಾಡುವಾಗ ಎರಡನೆಯವರಿಗೆ ಹಳದಿ ಕೊಡಬಹುದು. ಪಟ್ಟಿ ಬೇಡವೆಂದು ಅಕ್ಷರದ ಸುತ್ತ ಕಪ್ಪು ಅಂಚು ಎಳೆಯುವವರೂ ಇದ್ದಾರೆ. ಅವರು ಆ ಅಂಚು ಅಕ್ಷರದ ಹೊರಗೆ ಬೀಳುತ್ತಿದೆಯೋ ಒಳಗನ್ನು ತಿನ್ನುತ್ತಿದೆಯೋ ನೋಡಬೇಕು. ಕೆಲವು ಆ್ಯಪ್‌ಗಳಲ್ಲಿ ಒತ್ತಿನ ಅಂಚು ಮೇಲಿನ ಅಕ್ಷರದ ಬುಡವನ್ನೇ ಕತ್ತರಿಸುತ್ತದೆ. ಪಟ್ಟಿ ಹಾಕುವವರಿಗೂ ಒಂದು ಪರೀಕ್ಷೆಯಿದೆ. ಪಟ್ಟಿಯ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ತಕ್ಕಂತೆ ಎಣಿಸಿದ ಆ್ಯಪಿನಲ್ಲಿ ಒತ್ತು ಪಟ್ಟಿಯಿಂದ ಆಚೆಗೆ ಚಾಚಿ, ಬಿಳಿ ಒತ್ತು ಬಿಸಿಲಿನ ಮೇಲೆ ಬಿದ್ದು ಕಾಣದಾಗುತ್ತದೆ. ಆಗ ಕೆಳಗಿನ ಅಂಚನ್ನು ಕೈಯಾರೆ ಹೆಚ್ಚಿಸಿ.

ಈಗ ಕ್ಯಾಪ್ಷನ್ ಎಲ್ಲಿ ಕೂರಬೇಕು ಎಂಬುದು. ಪರದೆಯ ಬುಡದಲ್ಲಿ ಕೂರಿಸುವುದು ಟಿವಿಯಿಂದ ಬಂದ ಅಭ್ಯಾಸ. ರೀಲ್ಸ್‌ನಲ್ಲಿ ಬುಡದ ಜಾಗ ನಮ್ಮದಲ್ಲ. ಅಲ್ಲಿ ಖಾತೆಯ ಹೆಸರು, ವಿವರಣೆ, ಹಾಡಿನ ಹೆಸರು ಬರುತ್ತವೆ, ಬಲಬದಿಯಲ್ಲಿ ಲೈಕ್, ಶೇರ್ ಗುಂಡಿಗಳು ನಿಲ್ಲುತ್ತವೆ. ಮೆಟಾ ಕಂಪನಿ ತನ್ನ ಜಾಹೀರಾತುದಾರರಿಗೆ ರೀಲ್ಸ್‌ನಲ್ಲಿ ಮೇಲಿನ ಶೇ 14, ಕೆಳಗಿನ ಶೇ 35, ಎರಡು ಬದಿಗಳಲ್ಲಿ ಶೇ 6 ಜಾಗವನ್ನು ಖಾಲಿ ಬಿಡಿ ಎನ್ನುತ್ತದೆ. 1920 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ ಕೆಳಗಿನ ಶೇ 35 ಎಂದರೆ 672 ಪಿಕ್ಸೆಲ್. ಕ್ಯಾಪ್ಷನ್ನಿನ ಕೊನೆಯ ಸಾಲಿನ ಒತ್ತು ಕೂಡ ಅದಕ್ಕಿಂತ ಮೇಲೆ ನಿಲ್ಲಬೇಕು.

ಹಾಗೆ ಮೇಲೆತ್ತಿದರೆ ಕ್ಯಾಪ್ಷನ್ ಚಿತ್ರದ ನಡುಭಾಗಕ್ಕೆ ಬರುತ್ತದೆ. ನಮ್ಮ ಕಸಿಯ ವಿಡಿಯೊದಲ್ಲಿ ಚಾಕು, ಕಡ್ಡಿ, ಬೆರಳು ಇರುವುದೂ ಅಲ್ಲೇ. ಅಕ್ಷರ ಉಳಿಸಲು ಹೋಗಿ ಕೈ ಮುಚ್ಚಿದರೆ ವಿಡಿಯೊ ಮಾಡಿದ ಉದ್ದೇಶವೇ ಹೋಯಿತು. ಇಲ್ಲಿ ಮೇಲ್ಭಾಗವನ್ನು ಬಳಸಬೇಕು. ಮೇಲಿನ ಶೇ 14 ಬಿಟ್ಟು, ಅದರ ಕೆಳಗೆ ಎರಡು ಸಾಲು ಕೂರಿಸಿದರೆ ಕೈಯ ಕೆಲಸ ಪೂರ್ತಿ ಕಾಣುತ್ತದೆ. ಒಮ್ಮೆ ಒಂದು ಜಾಗ ಆರಿಸಿದ ಮೇಲೆ ವಿಡಿಯೊ ಮುಗಿಯುವವರೆಗೂ ಅದೇ ಇರಲಿ. ಒಂದು ಸಾಲು ಮೇಲೆ, ಮುಂದಿನದು ಕೆಳಗೆ ಎಂದು ಅಲೆಸಿದರೆ ಕಣ್ಣು ಓದುವ ಬದಲು ಹುಡುಕುತ್ತಿರುತ್ತದೆ. ಚಿತ್ರ ತೆಗೆಯುವಾಗಲೇ ಕೈಯನ್ನು ಚೌಕಟ್ಟಿನ ನಡುವೆ ಹಿಡಿದು ಮೇಲ್ಭಾಗ ಖಾಲಿ ಬಿಡಿ ಎಂದು ಕ್ಯಾಮೆರಾದವರಿಗೆ ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ಅಡ್ಡ ಹಿಡಿದು ತೆಗೆದ ವಿಡಿಯೊ ಬಂದರೆ ಲೆಕ್ಕ ಬೇರೆ. ಸಭೆ, ಭಾಷಣಗಳ ಚಿತ್ರೀಕರಣ ಹೆಚ್ಚಾಗಿ ಹೀಗೇ ಇರುತ್ತದೆ. ಬಸ್ಸಿನಲ್ಲಿ ಫೋನನ್ನು ನೆಟ್ಟಗೆ ಹಿಡಿದು ನೋಡುವವರಿಗೆ ಆ ಚಿತ್ರ 6.8 ಸೆಂ.ಮೀ. ಅಗಲ, 3.8 ಸೆಂ.ಮೀ. ಎತ್ತರಕ್ಕೆ ಕುಗ್ಗುತ್ತದೆ. ಟಿವಿಗೆಂದು ಹಾಕಿದ ಅಕ್ಷರ ಅದರಲ್ಲಿ ಇರುವೆ ಸಾಲಾಗುತ್ತದೆ. 3 ಮಿ.ಮೀ. ಅಕ್ಷರ ಅದರೊಳಗೇ ಕೂರಿಸಿದರೆ ಎರಡು ಸಾಲು ಚಿತ್ರದ ಕಾಲು ಭಾಗ ನುಂಗುತ್ತದೆ. ಇದಕ್ಕೆ ಸುಲಭದ ಪರಿಹಾರವಿದೆ. 1080×1350ರ ನೆಟ್ಟನೆಯ ಚೌಕಟ್ಟು ಮಾಡಿ, ಅದರ ಮೇಲ್ಭಾಗದಲ್ಲಿ ಅಡ್ಡ ಚಿತ್ರವನ್ನು 1080×608ಕ್ಕೆ ಕೂರಿಸಿ, ಉಳಿದ ಕಪ್ಪು ಜಾಗದಲ್ಲಿ ಕ್ಯಾಪ್ಷನ್ ಹಾಕಿ. ಚಿತ್ರ ಮುಚ್ಚುವುದಿಲ್ಲ, ಅಕ್ಷರಕ್ಕೂ ಇಕ್ಕಟ್ಟಿಲ್ಲ.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಹೊತ್ತಿನ ಬಗ್ಗೆ. ಒಂದು ಕ್ಯಾಪ್ಷನ್ ಎಷ್ಟು ಹೊತ್ತು ನಿಲ್ಲಬೇಕೆಂದು ಸಾಫ್ಟ್‌ವೇರ್‌ಗಳು ‘ಸೆಕೆಂಡಿಗೆ ಇಷ್ಟು ಅಕ್ಷರ’ ಎಂದು ಎಣಿಸುತ್ತವೆ. ಕನ್ನಡದಲ್ಲಿ ಆ ಎಣಿಕೆ ಹಲವೆಡೆ ತಪ್ಪುತ್ತದೆ. ‘ಹತ್ತು’ ನಮ್ಮ ಕಣ್ಣಿಗೆ ಎರಡು ಅಕ್ಷರ. ಯೂನಿಕೋಡ್‌ನಲ್ಲಿ ಅದು ಹ, ತ, ವಿರಾಮ ಚಿಹ್ನೆ, ತ, ಕೊಂಬು ಎಂದು ಐದು ತುಂಡು. ಒತ್ತು ಹೆಚ್ಚಿರುವ ಸಾಲಿಗೆ ಸಾಫ್ಟ್‌ವೇರ್ ‘ಉದ್ದವಾಯಿತು’ ಎಂದು ಎಚ್ಚರಿಸುತ್ತದೆ, ಒತ್ತು ಕಡಿಮೆಯಿರುವ ಸಾಲಿಗೆ ಸುಮ್ಮನಿರುತ್ತದೆ, ಎರಡೂ ಓದಲು ಅಷ್ಟೇ ಹೊತ್ತು ತೆಗೆದುಕೊಂಡರೂ. ಹಾಗಾಗಿ ನಾವು ಬಾಯಲ್ಲಿ ಎಣಿಸುವ ಅಕ್ಷರವನ್ನೇ ಎಣಿಸಬೇಕು. ನಾನು ಇಟ್ಟುಕೊಂಡಿರುವ ಅಳತೆ ಸೆಕೆಂಡಿಗೆ ಆರು ಅಕ್ಷರ. ಚುರುಕಾಗಿ ಓದುವವರು ಇದಕ್ಕಿಂತ ಬೇಗ ಓದುತ್ತಾರೆ. ಆದರೆ ಅವರು ಓದಿ ಮುಗಿಸಿದ ಮೇಲೆ ಚಿತ್ರವನ್ನೂ ನೋಡಬೇಕಲ್ಲ.

ಕಸಿಯ ವಿಡಿಯೊದಲ್ಲಿ ನರ್ಸರಿಯವರು ಹೀಗೆ ಹೇಳುತ್ತಾರೆ ಎನ್ನೋಣ: “ನೋಡ್ರಣ್ಣ, ಈಗ ಈ ಕಡ್ಡಿ ಐತಲ್ಲ, ಇದನ್ನ ಕಡಿಯೋಕ್ ಮುಂಚೆ ಒಂದ್ ಹತ್ ದಿನ ಮೊದ್ಲೇ ಎಲೆ ಎಲ್ಲಾ ಕಿತ್ತಿರ್ಬೇಕು. ಎಲೆ ಇರೋ ಕಡ್ಡಿ ಹಾಕ್ಬೇಡ್ರಿ, ಹಿಡಿಯಲ್ಲ.” ಸುಮಾರು 50 ಅಕ್ಷರ, ಹೇಳಲು ಏಳು ಸೆಕೆಂಡ್ ಸಾಕು. ಇದನ್ನು ಇದ್ದಂತೆಯೇ ಹಾಕಿದರೆ ಓದಲು ಎಂಟು ಸೆಕೆಂಡಿಗೂ ಹೆಚ್ಚು ಬೇಕು. ಎರಡು ಕ್ಯಾಪ್ಷನ್ ಮಾಡೋಣ.

ಮೊದಲನೆಯದು:
ಕಡ್ಡಿ ಕಡಿಯುವ ಹತ್ತು ದಿನ ಮೊದಲೇ
ಅದರ ಎಲೆ ಕಿತ್ತಿರಬೇಕು

ಎರಡನೆಯದು:
ಎಲೆಯಿರುವ ಕಡ್ಡಿ ಹಾಕಬೇಡಿ
ಅದು ಹಿಡಿಯಲ್ಲ

ಮೊದಲನೆಯದರಲ್ಲಿ 23 ಅಕ್ಷರ, ನಾಲ್ಕು ಸೆಕೆಂಡ್. ಎರಡನೆಯದರಲ್ಲಿ 17, ಮೂರು ಸೆಕೆಂಡ್. ಮಾತಿನ ಏಳು ಸೆಕೆಂಡಿನೊಳಗೇ ಎರಡೂ ಹಿಡಿದವು. ಬಿಟ್ಟದ್ದು ‘ನೋಡ್ರಣ್ಣ’, ‘ಈಗ’, ‘ಐತಲ್ಲ’ದಂಥ ಮಾತಿನ ಆಸರೆಗಳನ್ನು ಮಾತ್ರ. ‘ಹಿಡಿಯುವುದಿಲ್ಲ’ ಎಂದು ತಿದ್ದದೆ ‘ಹಿಡಿಯಲ್ಲ’ ಎಂದೇ ಉಳಿಸಿದ್ದರಿಂದ ಎರಡು ಅಕ್ಷರ ಉಳಿಯಿತು, ಹೇಳಿದವರ ದನಿಯೂ ಉಳಿಯಿತು. ಆಡುಮಾತನ್ನು ಗ್ರಂಥದ ಕನ್ನಡಕ್ಕೆ ತಿದ್ದುವ ಚಟ ಕ್ಯಾಪ್ಷನ್ನಿನಲ್ಲಿ ಜಾಗವನ್ನೂ ಹೊತ್ತನ್ನೂ ತಿನ್ನುತ್ತದೆ.

ಮುಂದಿನ ಹಂತದಲ್ಲಿ ಚಾಕು ಬರುತ್ತದೆ. ‘ಕಡ್ಡಿಯ ಬುಡವನ್ನು ಎರಡೂ ಕಡೆ ಬೆಣೆಯಂತೆ ಓರೆಯಾಗಿ ಕತ್ತರಿಸಿ’ ಎಂಬುದು 24 ಅಕ್ಷರ, ನಾಲ್ಕು ಸೆಕೆಂಡಿನ ಓದು. ದನಿ ಕೇಳುವವರಿಗೆ ಕಿವಿಯೂ ಇದೆ, ಕಣ್ಣೂ ಇದೆ. ಕಿವಿ ಮಾತು ಕೇಳುವಾಗ ಕಣ್ಣು ಚಾಕುವಿನ ಮೇಲಿರುತ್ತದೆ. ದನಿಯಿಲ್ಲದೆ ನೋಡುವವರಿಗೆ ಕಣ್ಣೊಂದೇ. ಅದು ಅಕ್ಷರದ ಮೇಲಿದ್ದರೆ ಚಾಕುವಿನ ಮೇಲಿಲ್ಲ. ಮಾತು ಬರುವ ಕ್ಷಣಕ್ಕೇ ಕ್ಯಾಪ್ಷನ್ ಬರಬೇಕೆಂಬ ನಿಯಮವನ್ನು ಇಲ್ಲಿ ಕುರುಡಾಗಿ ಪಾಲಿಸಿದರೆ, ಅವರು ಓದಿ ತಲೆಯೆತ್ತುವಷ್ಟರಲ್ಲಿ ಕಡ್ಡಿ ಕತ್ತರಿಸಿ ಆಗಿರುತ್ತದೆ. ಆದ್ದರಿಂದ ಅಕ್ಷರ ಮೊದಲು, ಕೆಲಸ ಆಮೇಲೆ. ಚಾಕು ಎತ್ತಿಕೊಳ್ಳುವ ಹೊತ್ತಿಗೇ ಕ್ಯಾಪ್ಷನ್ ತನ್ನಿ, ಅಲಗು ತೊಗಟೆಗೆ ತಾಗುವ ಮೊದಲು ತೆಗೆದುಬಿಡಿ. ಕತ್ತರಿಸುವಾಗ ಪರದೆಯ ಮೇಲೆ ಏನೂ ಬೇಡ. ಹೊತ್ತು ಸಾಲದಿದ್ದರೆ ಚಾಕು ಹಿಡಿದ ಕೈಯ ಚಿತ್ರವನ್ನೇ ಎರಡು ಸೆಕೆಂಡ್ ನಿಲ್ಲಿಸಿ.

ಇದು ಹೊಸ ಉಪಾಯವಲ್ಲ. ಗುಬ್ಬಿ ವೀರಣ್ಣನವರು 1930ರ ದಶಕದ ಆರಂಭದಲ್ಲಿ ‘ಹರಿಮಾಯಾ’ದಂಥ ಮೂಕಿ ಚಿತ್ರಗಳನ್ನು ತೆಗೆದಾಗ ಕನ್ನಡದಲ್ಲಿ ಮಾತಿನ ಚಿತ್ರ ಇನ್ನೂ ಬಂದಿರಲಿಲ್ಲ. ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡದ್ದು 1934ರಲ್ಲಿ. ಮೂಕಿ ಚಿತ್ರಗಳಲ್ಲಿ ಮಾತು ನಟರ ಮುಖದ ಮೇಲೆ ಬರುತ್ತಿರಲಿಲ್ಲ. ಚಿತ್ರ ನಿಂತು, ಬರಹದ ಫಲಕ ಪೂರ್ತಿ ತೆರೆ ತುಂಬಿ, ಓದಿ ಆದ ಮೇಲೆ ಮತ್ತೆ ಚಿತ್ರ ಬರುತ್ತಿತ್ತು. ಕಣ್ಣಿಗೆ ಏಕಕಾಲಕ್ಕೆ ಎರಡು ಕೆಲಸ ಕೊಡಬಾರದೆಂಬುದು ಆ ಕಾಲದ ಸಿನಿಮಾದವರಿಗೆ ಗೊತ್ತಿತ್ತು. ದನಿ ಮುಚ್ಚಿದ ಫೋನಿಗೂ ಅದೇ ಕ್ರಮ ಒಪ್ಪುತ್ತದೆ.

ಕ್ಯಾಪ್ಷನ್ ಅನ್ನು ಎಲ್ಲಿ ಮುರಿಯಬೇಕೆಂಬುದು ಹೊತ್ತಿನಷ್ಟೇ ದೊಡ್ಡ ವಿಷಯ. ಈಗ ಒಂದೊಂದೇ ಪದ ಟಕಟಕನೆ ಹೊಮ್ಮುವ ಕ್ಯಾಪ್ಷನ್ ಬಳಕೆಗೆ ಬಂದಿದೆ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅದಕ್ಕೂ ಕೊನೆಗೆ ‘ಬೇಡಿ’, ‘ಇಲ್ಲ’, ‘ಬಾರದು’ ಬರುತ್ತವೆ. ‘ಎಲೆಯಿರುವ’, ‘ಕಡ್ಡಿ’, ‘ಹಾಕ...’ ಎಂದು ಬರುತ್ತಿರುವಾಗ ಯಾರಾದರೂ ಬೆರಳು ಸರಿಸಿ ಮುಂದೆ ಹೋದರೆ, ಅವರು ಕಲಿತು ಹೋಗುವುದು ತದ್ವಿರುದ್ಧದ ಪಾಠ.

ಸಾರ್ವಜನಿಕ ವಿಷಯಗಳಲ್ಲಿ ಇದು ಇನ್ನೂ ಸೂಕ್ಷ್ಮ. ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿವಾದವನ್ನು ತುಮಕೂರು ಜಿಲ್ಲೆಯವರಿಗೆ ಹೇಳಿಕೊಡಬೇಕಿಲ್ಲ. ಕುಣಿಗಲ್ ಕಡೆಯವರು ತಮಗೆ ನೀರು ತಲುಪಬೇಕೆನ್ನುತ್ತಾರೆ, ಗುಬ್ಬಿ ಕಡೆಯವರು ತಮ್ಮ ಪಾಲು ಕಡಿಮೆಯಾಗುತ್ತದೆಂದು ಬೀದಿಗಿಳಿದಿದ್ದಾರೆ. ಇಂಥ ಸಭೆಯೊಂದರಲ್ಲಿ ಒಬ್ಬರು “ಅವರಿಗೆ ನೀರು ಕೊಡಬೇಡಿ ಅಂತ ನಾವು ಹೇಳ್ತಿಲ್ಲ” ಎಂದರು ಎಂದುಕೊಳ್ಳಿ. ಸಾಲು ಉದ್ದವೆಂದು ‘ಅವರಿಗೆ ನೀರು ಕೊಡಬೇಡಿ’ ಎಂಬುದನ್ನು ಒಂದು ಕ್ಯಾಪ್ಷನ್ ಮಾಡಿ, ‘ಅಂತ ನಾವು ಹೇಳ್ತಿಲ್ಲ’ ಎಂಬುದನ್ನು ಮುಂದಿನದಕ್ಕೆ ತಳ್ಳಿದರೆ ಏನಾಗುತ್ತದೆ? ಮೊದಲನೆಯದರ ಸ್ಕ್ರೀನ್‌ಶಾಟ್ ಊರೆಲ್ಲ ಸುತ್ತುತ್ತದೆ. ಆ ಮಾತು ಅವರದೇ ಮುಖದ ಕೆಳಗೆ ಅಚ್ಚಾಗಿರುತ್ತದೆ, ಅವರು ಹೇಳಿದ್ದು ಮಾತ್ರ ಅದಲ್ಲ. ಅಚ್ಚಾದ ಕ್ಯಾಪ್ಷನ್ನಿಗೆ ತಿದ್ದುಪಡಿಯೂ ಇಲ್ಲ. ಇಡೀ ವಾಕ್ಯ 17 ಅಕ್ಷರ, ಎರಡು ಸಾಲಿಗೆ ಸಲೀಸಾಗಿ ಹಿಡಿಯುತ್ತದೆ:

ಅವರಿಗೆ ನೀರು ಕೊಡಬೇಡಿ
ಅಂತ ನಾವು ಹೇಳ್ತಿಲ್ಲ

ಸಾಲು ಮುರಿಯಬಹುದು, ಕ್ಯಾಪ್ಷನ್ ಮುರಿಯಬಾರದು. ನಿಷೇಧವನ್ನು ಅದು ನಿಷೇಧಿಸುವ ಮಾತಿನಿಂದ ಎಂದೂ ಬೇರೆ ಮಾಡಬೇಡಿ. ಅಂಕಿಯನ್ನು ಅದರ ಅಳತೆಯಿಂದಲೂ ಹಾಗೆಯೇ: ‘15’ ಒಂದು ಸಾಲಿನ ಕೊನೆಗೆ, ‘ಮಿ.ಲೀ.’ ಮುಂದಿನ ಸಾಲಿನ ಮೊದಲಿಗೆ ಬಂದರೆ ಔಷಧಿಯ ಪ್ರಮಾಣ ತಪ್ಪಲು ಅಷ್ಟು ಸಾಕು. ಆ್ಯಪ್ ತಾನಾಗಿ ಸಾಲು ಮುರಿಯಲು ಬಿಡದೆ ಪ್ರತಿ ಸಾಲನ್ನೂ ನೀವೇ ಮುರಿಯಿರಿ. ದೃಶ್ಯ ಬದಲಾಗುವ ಹೊತ್ತಿಗೆ ಹಳೆಯ ಕ್ಯಾಪ್ಷನ್ ತೆಗೆಯಿರಿ. ಚಿತ್ರ ಬದಲಾದರೂ ಅಕ್ಷರ ಹಾಗೇ ನಿಂತರೆ ಕಣ್ಣು ಹೊಸದೇನೋ ಬಂತೆಂದು ಮೊದಲಿನಿಂದ ಓದತೊಡಗುತ್ತದೆ.

ಎಲ್ಲ ಮುಗಿದ ಮೇಲೆ ಕ್ಯಾಪ್ಷನ್ ಇಲ್ಲದ ಮೂಲ ವಿಡಿಯೊವನ್ನೂ ಬರಹದ ಕಡತವನ್ನೂ ಬೇರೆಯಾಗಿ ಉಳಿಸಿಡಿ. ತಪ್ಪು ಸಿಕ್ಕಾಗ ಮತ್ತೆ ಅಚ್ಚು ಹಾಕಲು ಅದೊಂದೇ ದಾರಿ. ಆಮೇಲೆ ವಿಡಿಯೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಬಂದದ್ದನ್ನು ಇಳಿಸಿಕೊಂಡು ಮತ್ತೊಮ್ಮೆ ಕಳಿಸಿ. ಹಾಗೆ ಎರಡು ಸಲ ಹಿಂಡಿಸಿಕೊಂಡ ಪ್ರತಿಯನ್ನು ಅಗ್ಗದ ಫೋನೊಂದರಲ್ಲಿ, ಬಿಸಿಲಲ್ಲಿ ನಿಂತು ನೋಡಿ. ಒತ್ತು ಆಗಲೂ ಕಂಡರೆ ಗಾತ್ರ, ಫಾಂಟ್, ಬಣ್ಣ ಮೂರೂ ಸರಿಯಿವೆ.

ಕೊನೆಯ ಪರೀಕ್ಷೆ ಮನುಷ್ಯರದು. ವಿಡಿಯೊ ತಯಾರಿಸಿದವರಿಗೆ ಮಾತು ಬಾಯಿಪಾಠ ಆಗಿರುತ್ತದೆ, ಅವರ ಕಣ್ಣು ಇಲ್ಲದ ಒತ್ತನ್ನೂ ಓದಿಬಿಡುತ್ತದೆ. ಆದ್ದರಿಂದ ಅದನ್ನು ಒಮ್ಮೆಯೂ ಕೇಳದ ಒಬ್ಬರ ಕೈಗೆ, ಸಾಧ್ಯವಾದರೆ ಕನ್ನಡಕ ಹಾಕುವ ಹಿರಿಯರ ಕೈಗೆ, ದನಿ ಮುಚ್ಚಿ ಕೊಡಿ. ಒಂದೇ ಸಲ ನೋಡಲಿ, ನಿಲ್ಲಿಸುವುದು ಬೇಡ. ಆಮೇಲೆ ‘ಏನು ಹೇಳಿದರು, ಏನು ಮಾಡಿದರು’ ಎಂದು ಎರಡನ್ನೂ ಕೇಳಿ. ಹೇಳಿದ್ದು ಮಾತ್ರ ಗೊತ್ತಾಗಿ ಮಾಡಿದ್ದು ತಪ್ಪಿಹೋಗಿದ್ದರೆ ಕ್ಯಾಪ್ಷನ್ ತಡವಾಗಿ ಬಂದಿದೆ ಅಥವಾ ಕೈಯನ್ನು ಮುಚ್ಚಿದೆ. ಮಾಡಿದ್ದು ಕಂಡು ಹೇಳಿದ್ದು ತಪ್ಪಿದ್ದರೆ ಅಕ್ಷರ ಚಿಕ್ಕದಿದೆ ಅಥವಾ ಹೊತ್ತು ಸಾಲದು. ಎರಡಕ್ಕೂ ಸರಿ ಉತ್ತರ ಬರುವವರೆಗೆ ವಿಡಿಯೊವನ್ನು ಯಾರಿಗೂ ಕಳಿಸಬೇಡಿ.